ಪ್ರವಚನದ ಸಾರ: ಅವರು ಹೇಳಿದ್ದೇ, ಆದರೆ ಅವರ ಮಾತಲ್ಲ

ಪ್ರಶ್ನೆ: ಶಿರಸಿ ಹತ್ತಿರದ ನಮ್ಮೂರ ದೇವಸ್ಥಾನದಲ್ಲಿ ಮಳೆಗಾಲದ ಭಾನುವಾರಗಳಲ್ಲಿ ಗೀತಾ ಪ್ರವಚನ ಇರುತ್ತದೆ. ಬರಲು ಆಗದವರಿಗಾಗಿ ಅದರ ಸಾರ ಬರೆದು ವಾಟ್ಸಾಪ್ ಗುಂಪಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಳೆದ ವಾರದ್ದನ್ನು ಓದಿ ಪ್ರವಚನಕಾರರೇ ಫೋನ್ ಮಾಡಿದರು. "ಒಂದೊಂದು ವಾಕ್ಯವೂ ನಾನು ಹೇಳಿದ್ದೇ ತಂಗಿ, ಆದರೆ ನಾನು ಹೇಳಿದ್ದು ಇದಲ್ಲ" ಎಂದರು. ಎಲ್ಲಿ ತಪ್ಪಿದೆ ಅಂತ ನನಗೆ ಹೊಳೆಯುತ್ತಿಲ್ಲ. ರೆಕಾರ್ಡಿಂಗ್ ಮತ್ತು ನನ್ನ ಸಾರ ಎರಡನ್ನೂ ಕಳಿಸಿದ್ದೇನೆ. ಅರ್ಥ ಕೆಡದ ಹಾಗೆ ಚಿಕ್ಕದು ಮಾಡುವುದು ಹೇಗೆ?

ಉತ್ತರ: ಪೂರ್ತಿ ಕೇಳಿದೆ. ಪ್ರವಚನಕಾರರು ಹೇಳಿದ್ದು ಸರಿ. ನೀವು ಬರೆದ ಐದು ವಾಕ್ಯಗಳೂ ಅವರ ಬಾಯಿಂದಲೇ ಬಂದಿವೆ. ಆದರೆ ಅದರಲ್ಲಿ ಒಂದು, ಅವರು ಖಂಡಿಸಲಿಕ್ಕೆಂದೇ ಎತ್ತಿಕೊಂಡ ಮಾತು. ಇನ್ನೊಂದು ಕಥೆಯೊಳಗಿನ ಹೊಗಳಿಕೆ. 52 ನಿಮಿಷ ಯಾವ ಮಾತಿಗಾಗಿ ಅವರು ಕೂತಿದ್ದರೋ ಅದೇ ಬಿಟ್ಟುಹೋಗಿದೆ.

ಬೇರೆ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಸಾರವನ್ನು ಇಲ್ಲಿ ಹಾಗೇ ಕೊಡುತ್ತೇನೆ:

"ಕರ್ಮ ಮಾಡುವುದರಲ್ಲಿ ಮಾತ್ರ ನಮಗೆ ಅಧಿಕಾರ. ಫಲದ ಆಸೆ ಬಿಡಬೇಕು. ಫಲ ದೇವರ ಕೈಯಲ್ಲಿದೆ. ಕೆಲಸ ಎಂಬುದೇ ಬಂಧನ, ಎಲ್ಲ ಬಿಟ್ಟವನೇ ಸುಖಿ. ಮಿಥಿಲೆ ಹೊತ್ತಿ ಉರಿದರೂ ನನ್ನದೇನೂ ಸುಡುವುದಿಲ್ಲ ಎಂದು ಜನಕ ಮಹಾರಾಜ ನಿಶ್ಚಿಂತೆಯಿಂದ ಇದ್ದ, ನಾವೂ ಹಾಗಿರಬೇಕು."

ಇದನ್ನು ಓದಿದ ಒಬ್ಬ ತೋಟಿಗರು ಏನು ತಿಳಿದುಕೊಳ್ಳುತ್ತಾರೆ? ಎಲ್ಲ ದೇವರಿಗೆ ಬಿಟ್ಟು ಸುಮ್ನೆ ಇರಬೇಕು ಅಂತ. ಪ್ರವಚನಕಾರರು ಹೇಳಿದ್ದು ಇದಕ್ಕೆ ಪೂರಾ ಉಲ್ಟಾ.

ಅಂದಿನ ವಿಷಯ ಗೀತೆಯ 2ನೇ ಅಧ್ಯಾಯದ 47ನೇ ಶ್ಲೋಕ.

ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ |
ಮಾ ಕರ್ಮಫಲಹೇತುರ್ಭೂರ್ಮಾ ತೇ ಸಂಗೋಽಸ್ತ್ವಕರ್ಮಣಿ ||

ಇದರಲ್ಲಿ ನಾಲ್ಕು ತುಂಡುಗಳಿವೆ. ಕೆಲಸದಲ್ಲಿ ನಿನಗೆ ಅಧಿಕಾರ. ಫಲದಲ್ಲಿ ಇಲ್ಲ. ಫಲಕ್ಕೋಸ್ಕರವೇ ಕೆಲಸಕ್ಕೆ ಇಳಿಯುವವನಾಗಬೇಡ. ಕೆಲಸ ಬಿಟ್ಟು ಕೂರುವುದರಲ್ಲೂ ನಿನಗೆ ಮೋಹ ಬೇಡ. ಮೊದಲಿನ ಎರಡು ಎಲ್ಲರ ಬಾಯಲ್ಲೂ ಇವೆ. ಕ್ಯಾಲೆಂಡರಿನಲ್ಲೂ ಅಷ್ಟೇ ಅಚ್ಚಾಗುತ್ತದೆ. ನಾಲ್ಕನೆಯದು ಯಾವಾಗಲೂ ಬಿದ್ದುಹೋಗುತ್ತದೆ. ನಿಮ್ಮ ಪ್ರವಚನಕಾರರು ಆ ದಿನ ಹಿಡಿದುಕೊಂಡದ್ದು ಆ ನಾಲ್ಕನೆಯದನ್ನೇ. ಗೊತ್ತಿರುವ ಶ್ಲೋಕದ ಪ್ರವಚನದಲ್ಲಿ ಈ ಅಪಾಯ ಜಾಸ್ತಿ. ನಮ್ಮ ಕಿವಿ ಮೊದಲೇ ಗೊತ್ತಿದ್ದನ್ನು ಹಿಡಿಯುತ್ತದೆ, ಅವರು ಹೊಸದಾಗಿ ಹೇಳಿದ್ದನ್ನು ಬಿಡುತ್ತದೆ.

ಮೊದಲು ನಿಮ್ಮ ನಾಲ್ಕನೇ ವಾಕ್ಯ ನೋಡೋಣ. ಹೆಚ್ಚು ಕೆಡುಕು ಮಾಡಿದ್ದು ಅದು.

"ಕೆಲಸ ಎಂಬುದೇ ಬಂಧನ, ಎಲ್ಲ ಬಿಟ್ಟವನೇ ಸುಖಿ." ರೆಕಾರ್ಡಿಂಗಿನಲ್ಲಿ ಇದು 15ನೇ ನಿಮಿಷದಲ್ಲಿ ಬರುತ್ತದೆ. ಆದರೆ 12ನೇ ನಿಮಿಷಕ್ಕೆ ಹಿಂದೆ ಹೋಗಿ ಕೇಳಿ. "ಇಲ್ಲೊಂದು ಶಂಕೆ ಬರ್ತದೆ" ಎಂದು ಅವರು ಶುರು ಮಾಡುತ್ತಾರೆ. ಅಲ್ಲಿಂದ ಸುಮಾರು ಎಂಟು ನಿಮಿಷ ಅವರು ಮಾತಾಡುವುದು ತಮ್ಮ ಪರವಾಗಿ ಅಲ್ಲ, ಅರ್ಜುನನ ಪರವಾಗಿ. ಗುರುಗಳನ್ನು ಕೊಲ್ಲುವುದಕ್ಕಿಂತ ಭಿಕ್ಷೆ ಬೇಡಿ ಉಣ್ಣುವುದೇ ಲೇಸು ಎಂದು ಅರ್ಜುನ 2ನೇ ಅಧ್ಯಾಯದ 5ನೇ ಶ್ಲೋಕದಲ್ಲಿ ಹೇಳುತ್ತಾನಲ್ಲ, ಅದನ್ನೇ ಬೆಳೆಸುತ್ತಾರೆ. ಕೆಲಸ ಮಾಡಿದರೆ ಪುಣ್ಯವೋ ಪಾಪವೋ ಅಂಟುತ್ತದೆ, ಅಂಟಿದರೆ ಮತ್ತೆ ಜನ್ಮ, ಹಾಗಾದರೆ ಬಿಡುವುದೇ ಜಾಣತನ ಅಲ್ವಾ ಎಂದು ಕೇಳುತ್ತಾರೆ. ಎಷ್ಟು ಚೆನ್ನಾಗಿ ಹೇಳುತ್ತಾರೆಂದರೆ ಕೇಳುವವರು ತಲೆಯಾಡಿಸಬೇಕು. 20ನೇ ನಿಮಿಷದಲ್ಲಿ "ಹಾಗಲ್ಲ" ಎಂದು ಒಂದೇ ಪದದಲ್ಲಿ ಅದನ್ನು ಕೆಡವುತ್ತಾರೆ.

ಇದು ಪೂರ್ವಪಕ್ಷ. ಶಾಸ್ತ್ರ ಓದಿದ ಪ್ರವಚನಕಾರರ ರೀತಿಯೇ ಇದು. ಎದುರು ಪಕ್ಷದ ವಾದವನ್ನು ಎದುರು ಪಕ್ಷದವರಿಗಿಂತ ಗಟ್ಟಿಯಾಗಿ ಕಟ್ಟಿ ನಿಲ್ಲಿಸಿ, ಆಮೇಲೆ ಸಿದ್ಧಾಂತಕ್ಕೆ ಬರುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ತಾಳಮದ್ದಲೆ ಹೇಳಿ ತಿಳಿಸಿದರೆ ಸಾಕು. ಕೌರವನ ಅರ್ಥ ಹೇಳಿದ ಅರ್ಥಧಾರಿ ಎಷ್ಟೇ ಬಲವಾಗಿ ವಾದಿಸಲಿ, ಮರುದಿನ ಯಾರೂ "ಅವರ ಅಭಿಪ್ರಾಯ ಹೀಗಂತೆ" ಎಂದು ಹೇಳುವುದಿಲ್ಲ. ಅಲ್ಲಿ ಪಾತ್ರದ ಹೆಸರು ಇರುತ್ತದೆ. ಪ್ರವಚನದಲ್ಲಿ ಹೆಸರಿಲ್ಲ, ಎರಡೂ ಪಕ್ಷ ಒಂದೇ ದನಿಯಲ್ಲಿ ಬರುತ್ತದೆ. ಕೂತು ಕೇಳಿದವರಿಗೆ ದನಿಯ ಏರಿಳಿತ, ಕೈ ತಿರುಗಿಸಿದ್ದು, ತುಟಿಯಂಚಿನ ನಗು ಎಲ್ಲ ಸಿಗುತ್ತದೆ. ಕಾಗದಕ್ಕೆ ಅದು ಯಾವುದೂ ಇಳಿಯುವುದಿಲ್ಲ.

ಪೂರ್ವಪಕ್ಷ ಶುರುವಾಗುವ ಗುರುತುಗಳು ಬೇಗ ಅಭ್ಯಾಸ ಆಗುತ್ತವೆ. "ಇಲ್ಲೊಂದು ಶಂಕೆ", "ಕೆಲವರು ಕೇಳಬಹುದು", "ಹಾಗಾದ್ರೆ", "ಹೀಗೆ ಹೇಳುವವರಿದ್ದಾರೆ". ಮುಗಿಯುವ ಗುರುತು "ಹಾಗಲ್ಲ", "ಇದಕ್ಕೆ ಸಮಾಧಾನ ಏನು ಅಂದ್ರೆ", "ಆಚಾರ್ಯರು ಏನು ಹೇಳ್ತಾರೆ". ಇವೆರಡರ ನಡುವಿನ ಯಾವ ವಾಕ್ಯವನ್ನೂ ಬಿಡಿಯಾಗಿ ಎತ್ತಬೇಡಿ. ಎತ್ತಲೇಬೇಕಾದರೆ "ಹೀಗೆ ಅನಿಸಬಹುದು" ಅಥವಾ "ಅರ್ಜುನನಿಗೆ ಹೀಗೆ ಅನಿಸಿತ್ತು" ಎಂಬ ಬಾಲ ಜೊತೆಗೇ ಇರಲಿ.

ಇನ್ನು ಅಸಲಿ ಪ್ರಶ್ನೆ. ಇಷ್ಟೆಲ್ಲ ಮಾತಿನಲ್ಲಿ ನಡುಗಂಬ ಯಾವುದು ಅಂತ ತಿಳಿಯುವುದು ಹೇಗೆ? ಇದಕ್ಕೆ ಹೊಸದಾಗಿ ದಾರಿ ಹುಡುಕಬೇಕಾಗಿಲ್ಲ. ಒಂದು ಗ್ರಂಥದ ತಾತ್ಪರ್ಯ ಎಲ್ಲಿದೆ ಎಂದು ತೀರ್ಮಾನಿಸಲು ಮೀಮಾಂಸಕರೂ ವೇದಾಂತಿಗಳೂ ಬಳಸಿದ ಆರು ಗುರುತುಗಳಿವೆ. ಪಾಠಶಾಲೆಯಲ್ಲಿ ಇವತ್ತಿಗೂ ಬಾಯಿಪಾಠ ಮಾಡಿಸುತ್ತಾರೆ:

ಉಪಕ್ರಮೋಪಸಂಹಾರಾವಭ್ಯಾಸೋಽಪೂರ್ವತಾ ಫಲಮ್ |
ಅರ್ಥವಾದೋಪಪತ್ತೀ ಚ ಲಿಂಗಂ ತಾತ್ಪರ್ಯನಿರ್ಣಯೇ ||

ಶುರು ಮತ್ತು ಮುಕ್ತಾಯ ಸೇರಿ ಒಂದು ಗುರುತು. ಮತ್ತೆ ಮತ್ತೆ ಹೇಳಿದ್ದು, ಬೇರೆ ಕಡೆ ಸಿಗದ ಹೊಸ ವಿಷಯ, ಅದರಿಂದ ಆಗುವ ಪ್ರಯೋಜನ, ಹೊಗಳಿಕೆ ತೆಗಳಿಕೆ, ಕೊಟ್ಟ ಯುಕ್ತಿ ಇವು ಉಳಿದ ಐದು. ಪ್ರವಚನಕಾರರು ಇದೇ ಪದ್ಧತಿಯಲ್ಲಿ ಓದಿದವರು. ಅವರ ಮಾತಿನ ಕಟ್ಟೂ ಹೀಗೇ ಇರುತ್ತದೆ. ಅದಕ್ಕೇ ಈ ಗುರುತುಗಳು ಅವರ ಪ್ರವಚನಕ್ಕೂ ಚೆನ್ನಾಗಿ ಒಗ್ಗುತ್ತವೆ.

ಶುರು ಮತ್ತು ಮುಕ್ತಾಯದಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಗೀತೆಯಲ್ಲೇ ನೋಡಿ. ಕೃಷ್ಣನ ಉಪದೇಶ ಹೊರಡುವುದು 2ನೇ ಅಧ್ಯಾಯದ 11ನೇ ಶ್ಲೋಕದಲ್ಲಿ, ದುಃಖಿಸಬಾರದವರಿಗಾಗಿ ನೀನು ದುಃಖಿಸುತ್ತಿದ್ದೀಯೆ ಎಂದು. 18ನೇ ಅಧ್ಯಾಯದ 66ರಲ್ಲಿ ಅದು ಬಂದು ನಿಲ್ಲುವುದು "ಮಾ ಶುಚಃ" ಎಂದು, ದುಃಖಿಸಬೇಡ ಎಂದು. ಈಗ ನಿಮ್ಮ ರೆಕಾರ್ಡಿಂಗಿಗೆ ಬನ್ನಿ. ಮಂಗಳಶ್ಲೋಕ ಮುಗಿದ ಕೂಡಲೇ, 4ನೇ ನಿಮಿಷದಲ್ಲಿ, ಅವರು ಹೇಳುತ್ತಾರೆ: "ಇವತ್ತು ಒಂದೇ ಪ್ರಶ್ನೆ. ಫಲ ನಮ್ಮ ಕೈಯಲ್ಲಿ ಇಲ್ಲ ಅಂದಮೇಲೆ ಕೆಲಸ ಯಾಕೆ ಮಾಡ್ಬೇಕು?" ಕೊನೆಯ ಎರಡು ನಿಮಿಷದಲ್ಲಿ ಅದೇ ಪ್ರಶ್ನೆ ಎತ್ತಿ, "ಕೈ ನಿಲ್ಲಿಸಬೇಡಿ, ಲೆಕ್ಕ ನಿಲ್ಲಿಸಿ" ಎಂದು ಉತ್ತರ ಕೊಟ್ಟು ಎದ್ದರು. ಪ್ರಶ್ನೆ ಉತ್ತರ ಎರಡೂ ಅವರೇ ಕೊಟ್ಟಿದ್ದಾರೆ. ನಿಮ್ಮ ಸಾರದಲ್ಲಿ ಆ ಪ್ರಶ್ನೆಯೂ ಇಲ್ಲ, ಆ ಉತ್ತರವೂ ಇಲ್ಲ. ಸಾರ ಬರೆಯುವವರು ಮಾಡಬೇಕಾದ ಮೊದಲ ಕೆಲಸ ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷ ಬೆನ್ನು ಬೆನ್ನಿಗೆ ಕೇಳುವುದು. ನಡುವಿನದು ಆಮೇಲೆ.

ಮತ್ತೆ ಮತ್ತೆ ಹೇಳಿದ್ದು ಎರಡನೇ ಗುರುತು. ಛಾಂದೋಗ್ಯದ 6ನೇ ಅಧ್ಯಾಯದಲ್ಲಿ "ತತ್ತ್ವಮಸಿ" 9 ಸಲ ಬರುತ್ತದೆ, ಅಲ್ಲಿಯ ತಾತ್ಪರ್ಯ ಅದೇ ಎನ್ನಲು ಇದೊಂದು ಆಧಾರ. ನಿಮ್ಮ ಪ್ರವಚನದಲ್ಲಿ "ಕೈ ನಿಲ್ಲಿಸಬೇಡಿ" ಎಂಬುದು 24, 29, 38, 46ನೇ ನಿಮಿಷಗಳಲ್ಲೂ ಬಂದು ಕೊನೆಗೆ ಮತ್ತೊಮ್ಮೆ ಬಂದಿದೆ. ಒಂದು ಎಚ್ಚರ ಇರಲಿ. ಮಾತಿನಲ್ಲಿ ಬರೀ ಅಭ್ಯಾಸಬಲದಿಂದ ಮರಳುವ ಪದಗಳೂ ಇರುತ್ತವೆ. ನಿಮ್ಮವರು "ಏನಂತೀರಿ?" ಎಂದದ್ದು ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಅದನ್ನು ಎಣಿಸುವಂತಿಲ್ಲ. ಬೇರೆ ಬೇರೆ ಉದಾಹರಣೆ ಕೊಟ್ಟು, ಸುತ್ತಿ ಬಂದು, ಮತ್ತೆ ಅದೇ ಮಾತಿಗೆ ನಿಂತರೆ ಅದು ಎಣಿಕೆಗೆ ಬರುವ ಆವೃತ್ತಿ.

ಮೂರನೆಯದು ಹೊಸ ವಿಷಯ. ನಾಲ್ಕನೇ ತುಂಡಿಗೆ ಅವರು ಕೊಟ್ಟ ಒತ್ತು ಇದೇ. ಕೊಟ್ಟ ಯುಕ್ತಿ ಯಾವುದು ಎಂದರೆ ಅಡಿಕೆ ತೋಟದ ಉದಾಹರಣೆ, 26ನೇ ನಿಮಿಷದ್ದು. ಇದನ್ನು ನೀವು ಪೂರ್ತಿ ಬಿಟ್ಟಿದ್ದೀರಿ, ಬರೀ ಊರ ಮಾತು ಎಂದುಕೊಂಡಿರಬೇಕು. ಅದು ಹೀಗಿದೆ. ಮಳೆ ಹಿಡಿಯುವ ಮೊದಲೇ ಮರ ಹತ್ತುವ ಕೊನೆಗೌಡರನ್ನು ಕರೆಸಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಡುಮಳೆಯಲ್ಲಿ ಬಿಡುವು ನೋಡಿಕೊಂಡು ಮತ್ತೊಮ್ಮೆ. ಇಷ್ಟು ಮಾಡಿಯೂ ಆಷಾಢದಲ್ಲಿ ಬಿಡದೆ ಹೊಯ್ದರೆ ಕೊಳೆ ಬಂದೇ ಬರುತ್ತದೆ. ಹಾಗಂತ ಮುಂದಿನ ವರ್ಷ ಯಾರಾದರೂ ಔಷಧಿ ಬಿಟ್ಟಿದ್ದೀರಾ? "ಫಲ ನಮ್ಮ ಕೈಯಲ್ಲಿಲ್ಲ ಅಂತ ಗೊತ್ತಿದ್ದೂ ಹೊಡೀತೀರಿ. ಕೃಷ್ಣ ಹೇಳಿದ್ದರಲ್ಲಿ ಅರ್ಧ ನೀವು ಆಗ್ಲೇ ಮಾಡ್ತಾ ಇದ್ದೀರಿ" ಎಂದರು. ಸಭೆ ನಕ್ಕಿತು. ನಗು ಬಂದ ಕಡೆ ನಾವು ಪೆನ್ನು ಕೆಳಗಿಡುತ್ತೇವೆ, ಆದರೆ ಇಲ್ಲಿ ವಾದವೇ ನಗುವಿನೊಳಗೆ ಕೂತಿದೆ. ಇದನ್ನು ತೆಗೆದರೆ ಉಳಿಯುವುದು ಬರೀ ಅಪ್ಪಣೆ, ಕಾರಣ ಇಲ್ಲದ ಅಪ್ಪಣೆ. 43ನೇ ನಿಮಿಷದಲ್ಲಿ ಅಡಿಕೆ ದರದ ಮೇಲೆ ಆಡಿದ ಚಟಾಕಿ ಹಾಗಲ್ಲ. ಅದನ್ನು ತೆಗೆದರೂ ಯಾವ ಕಂಬವೂ ಅಲ್ಲಾಡುವುದಿಲ್ಲ. ಧಾರಾಳವಾಗಿ ಬಿಡಿ.

ಈಗ ಜನಕನ ವಿಷಯ, ಅಂದರೆ ಅರ್ಥವಾದ. ಒಂದು ಮಾತಿನ ಬೆನ್ನಿಗೆ ನಿಲ್ಲುವ ಹೊಗಳಿಕೆ ಅಥವಾ ತೆಗಳಿಕೆಗೆ ಶಾಸ್ತ್ರದಲ್ಲಿ ಹೀಗೆನ್ನುತ್ತಾರೆ. ಸ್ತೋತ್ರದ ಕೊನೆಗೆ ಬರುವ ಫಲಶ್ರುತಿ ನಿಮಗೆ ಗೊತ್ತಿದೆ. ಅದು ಓದುವಂತೆ ಹುರಿದುಂಬಿಸುತ್ತದೆ, ಸ್ತೋತ್ರದ ವಿಷಯ ಅದಲ್ಲ. ಮಿಥಿಲೆ ಉರಿದರೂ ನನ್ನದೇನೂ ಸುಡುವುದಿಲ್ಲ ಎಂಬ ಜನಕನ ಮಾತು ಮಹಾಭಾರತದ ಶಾಂತಿಪರ್ವದ್ದು. ಪ್ರವಚನಕಾರರು ಅದನ್ನು ತಂದದ್ದು ಗೀತೆಯ 3ನೇ ಅಧ್ಯಾಯದ 20ನೇ ಶ್ಲೋಕಕ್ಕೆ ಬೆಂಬಲವಾಗಿ. ಜನಕ ಮೊದಲಾದವರು ಕರ್ಮದಿಂದಲೇ ಸಿದ್ಧಿ ಪಡೆದರು ಎನ್ನುತ್ತದೆ ಆ ಶ್ಲೋಕ. ಅಂದರೆ ಕಥೆ ಬಂದದ್ದು ಕೆಲಸ ಮಾಡುವ ರಾಜನನ್ನು ತೋರಿಸಲಿಕ್ಕೆ. ನೀವು ಅದನ್ನು ಕೈ ಕಟ್ಟಿ ಕೂತ ರಾಜನ ಕಥೆ ಮಾಡಿದಿರಿ. ಮುಂದಿನದನ್ನೂ ಕೇಳಬೇಕಿತ್ತು. ಕಥೆ ಮುಗಿಸಿ ಅವರು ಸ್ವಲ್ಪ ತಡೆದು, "ಊರಿಗೆ ಬೆಂಕಿ ಬಿದ್ರೆ ನೀರು ಹಾಕ್ಬೇಡಿ ಅಂತಲ್ಲ ಮತ್ತೆ" ಎಂದಿದ್ದಾರೆ. 37ನೇ ನಿಮಿಷ. ಈ ಒಂದು ವಾಕ್ಯ ಬಿಟ್ಟರೆ ಇಡೀ ಕಥೆ ತಲೆಕೆಳಗು.

ಹೀಗೆ "ಅಂತಲ್ಲ", "ಆದರೆ", "ಅಷ್ಟರ ಮಟ್ಟಿಗೆ", "ಆ ತನಕ" ಎಂದು ಬರುವ ಬೇಲಿ ಮಾತುಗಳೇ ಸಾರ ಬರೆಯುವಾಗ ಮೊದಲು ಉದುರುತ್ತವೆ. ಚಿಕ್ಕದು ಮಾಡುವ ಆತುರದಲ್ಲಿ ಅವು ಅನಗತ್ಯ ಎನಿಸುತ್ತವೆ. ನನ್ನ ಕೇಳಿದರೆ, ಪುಟ ಸಾಲದಿದ್ದರೆ ಒಂದು ಉದಾಹರಣೆ ಹೋಗಲಿ, ಒಂದು ಬೇಲಿಯೂ ಹೋಗಬಾರದು.

ಅಂಥ ಬೇಲಿಗಳಲ್ಲಿ ದೊಡ್ಡದು ಯಾರಿಗೆ ಹೇಳಿದ್ದು ಎಂಬುದು. 31ನೇ ನಿಮಿಷದಲ್ಲಿ ಅವರು ಶಂಕರರ ಭಾಷ್ಯ ಎತ್ತುತ್ತಾರೆ. "ನಿನಗೆ ಕರ್ಮದಲ್ಲೇ ಅಧಿಕಾರ, ಜ್ಞಾನನಿಷ್ಠೆಯಲ್ಲಿ ಅಲ್ಲ" ಎಂದು ಭಾಷ್ಯಕಾರರು ಬಿಡಿಸುತ್ತಾರೆ. ಅಂದರೆ ಈ ಮಾತು ಅರ್ಜುನನಂಥ, ಇನ್ನೂ ಸಂಸಾರದ ಕೆಲಸದಲ್ಲಿ ಇರುವವನಿಗೆ. ಹೀಗೆ ಮಾಡಿದ ಕೆಲಸದಿಂದ ಚಿತ್ತಶುದ್ಧಿ, ಚಿತ್ತ ಶುದ್ಧವಾದ ಮೇಲೆ ಜ್ಞಾನದ ದಾರಿ. ಆರು ಗುರುತುಗಳಲ್ಲಿ ಫಲ ಎಂದಿದ್ದು ಈ ಚಿತ್ತಶುದ್ಧಿ. ಸಂನ್ಯಾಸಿಗಳ ವಿಷಯ ಬೇರೆ ಎಂದೂ ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಇದನ್ನು ಬಿಟ್ಟು "ಎಲ್ಲರೂ ಯಾವಾಗಲೂ ಕರ್ಮ ಮಾಡಬೇಕು" ಎಂದು ಬರೆದರೆ ಅದೂ ಅವರ ಮಾತಲ್ಲ. ನಾಲ್ಕನೇ ವಾಕ್ಯದ ತಪ್ಪು ತಿದ್ದಲು ಹೋಗಿ ಈ ಕಡೆಯ ಗುಂಡಿಗೆ ಬೀಳುವುದೂ ಉಂಟು.

ಇಲ್ಲೇ ಇನ್ನೊಂದು ಮಾತು ಹೇಳಬೇಕು, ನಮ್ಮ ಸೀಮೆಗೆ ಇದು ಬೇಕು. ಶಿರಸಿಯಿಂದ ಅಷ್ಟೇನೂ ದೂರವಿಲ್ಲದ ಸೋಂದೆಯಲ್ಲಿ ಅದ್ವೈತದ ಸ್ವರ್ಣವಲ್ಲಿ ಮಠ ಇದೆ, ದ್ವೈತದ ವಾದಿರಾಜ ಮಠ ಇದೆ, ಜೈನ ಮಠವೂ ಇದೆ. ಶ್ಲೋಕ ಒಂದೇ ಇದ್ದರೂ ಸಂಪ್ರದಾಯದಿಂದ ಸಂಪ್ರದಾಯಕ್ಕೆ ವಿವರಣೆ ಬೇರೆ ಆಗಬಹುದು. ಸಾರ ಬರೆಯುವಾಗ ಏನೋ ಸ್ಪಷ್ಟ ಇಲ್ಲ ಎನಿಸಿದರೆ ಮನೆಯಲ್ಲಿರುವ ಗೀತೆಯ ಪುಸ್ತಕ ತೆಗೆದು ಅದರಿಂದ ತುಂಬಿಸುವ ಅಭ್ಯಾಸ ಹಲವರಿಗಿದೆ. ಪುಸ್ತಕ ಒಳ್ಳೆಯದೇ ಇರಬಹುದು, ಆದರೆ ಅದು ಬೇರೊಬ್ಬರ ವ್ಯಾಖ್ಯಾನ. ಪ್ರವಚನಕಾರರು ಯಾವ ಆಚಾರ್ಯರ ದಾರಿ ಹಿಡಿದರೋ ಆ ದಾರಿಯಲ್ಲೇ ಬರೆಯಿರಿ. ಅಲ್ಲೂ ಅವರು ಹೇಳದ್ದನ್ನು ಹೇಳಿಸಬೇಡಿ. ಅವರು ಅರ್ಧಕ್ಕೆ ಬಿಟ್ಟ ಮಾತು ನಿಮ್ಮ ಸಾರದಲ್ಲೂ ಅರ್ಧವೇ ಇರಲಿ, ಇಲ್ಲ ಬಿಟ್ಟೇಬಿಡಿ. 40ನೇ ನಿಮಿಷದಲ್ಲಿ ಪ್ರಾರಬ್ಧದ ಸುದ್ದಿ ತೆಗೆದು ಮುಂದೆ ಹೇಳುತ್ತೇನೆ ಎಂದು ಬಿಟ್ಟರಲ್ಲ, ಅಂಥದ್ದು.

ಕೂತು ಬರೆಯುವ ಕ್ರಮ ಹೇಳುತ್ತೇನೆ. ರೆಕಾರ್ಡಿಂಗ್ ಕೇಳುತ್ತಾ ಒಂದು ಹಾಳೆಯ ಎಡಕ್ಕೆ ನಿಮಿಷ ಬರೆಯಿರಿ, ಬಲಕ್ಕೆ ಆ ಭಾಗದ ವಿಷಯವನ್ನು ಮೂರು ನಾಲ್ಕು ಪದದಲ್ಲಿ. ನಡುವೆ ಒಂದಕ್ಷರದ ಗುರುತು. ಪೂರ್ವಪಕ್ಷಕ್ಕೆ ಪೂ, ಸಿದ್ಧಾಂತಕ್ಕೆ ಸಿ, ಯುಕ್ತಿಗೆ ಯು, ಕಥೆ ಮತ್ತು ಹೊಗಳಿಕೆಗೆ ಕ, ಬೇಲಿ ಮಾತಿಗೆ ಬೇ, ಹರಟೆಗೆ ಹ. ಈ ಹಂತದಲ್ಲಿ ವಾಕ್ಯ ಬರೆಯಬೇಡಿ. ವಾಕ್ಯ ಬರೆಯಲು ಶುರು ಮಾಡಿದರೆ ಚೆಂದದ ವಾಕ್ಯಗಳನ್ನು ಆರಿಸಲು ತೊಡಗುತ್ತೀರಿ, ಪೂರ್ವಪಕ್ಷದಲ್ಲೇ ಚೆಂದದ ವಾಕ್ಯ ಜಾಸ್ತಿ ಸಿಗುತ್ತವೆ! ಹಾಳೆ ತುಂಬಿದ ಮೇಲೆ ಮೊದಲು ಅವರ ಪ್ರಶ್ನೆ ಬರೆಯಿರಿ, ಆಮೇಲೆ ಅವರ ಉತ್ತರ, ಎರಡೂ ಆದಷ್ಟು ಅವರದೇ ಮಾತಿನಲ್ಲಿ. ಇವೆರಡರ ನಡುವೆ ಸಿ, ಯು, ಬೇ ಗುರುತಿನವು ಬಂದು ಕೂರಲಿ. ಪೂ ಗುರುತಿನದು ಒಂದು ವಾಕ್ಯ, ಹೆಸರು ಹಚ್ಚಿಕೊಂಡು. ಕ ಗುರುತಿನದು ಜಾಗ ಇದ್ದರೆ. ಹ ಬೇಡ.

ಹಾಗೆ ಮಾಡಿದಾಗ ನಿಮ್ಮ ಪ್ರವಚನ ಹೀಗೆ ಬಂತು:

"ಫಲ ನಮ್ಮ ಕೈಯಲ್ಲಿ ಇಲ್ಲ ಅಂದಮೇಲೆ ಕೆಲಸ ಯಾಕೆ ಮಾಡಬೇಕು ಎಂಬುದು ಈ ವಾರದ ಪ್ರಶ್ನೆ. ಆಧಾರ ಗೀತೆಯ 2ನೇ ಅಧ್ಯಾಯದ 47ನೇ ಶ್ಲೋಕ. ಕೆಲಸವೇ ಬಂಧನ, ಬಿಟ್ಟರೆ ಸುಖ ಎಂದು ಅರ್ಜುನನಿಗೆ ಅನಿಸಿತ್ತು. ಕೃಷ್ಣ ಅದನ್ನು ಒಪ್ಪಲಿಲ್ಲ. ಪಾಲಿಗೆ ಬಂದ ಕೆಲಸ ಮಾಡು, ಫಲದಲ್ಲಿ ಅಧಿಕಾರ ಇಲ್ಲ, ಫಲಕ್ಕೋಸ್ಕರವೇ ಕೆಲಸಕ್ಕೆ ಇಳಿಯಬೇಡ, ಕೆಲಸ ಬಿಟ್ಟು ಕೂರುವ ಮೋಹವೂ ಬೇಡ ಎಂದ. ಮಳೆ ಹೇಗೆ ಬರುತ್ತದೋ ಗೊತ್ತಿಲ್ಲದಿದ್ದರೂ ನಾವು ಕೊಳೆಗೆ ಔಷಧಿ ಹೊಡೆಯುತ್ತೇವೆ. ಹೊಡೆದ ಮೇಲೂ ಕೊಳೆ ಬಂದರೆ ಮುಂದಿನ ವರ್ಷ ಬಿಡುವುದಿಲ್ಲ. ಜನಕ ರಾಜ್ಯ ಆಳುತ್ತಲೇ ಅಂಟದೆ ಇದ್ದ. ಅಂಟದೆ ಇರುವುದು ಎಂದರೆ ಊರಿಗೆ ಬೆಂಕಿ ಬಿದ್ದಾಗ ನೀರು ಹಾಕದೆ ಇರುವುದಲ್ಲ. ಶಂಕರಭಾಷ್ಯದ ಪ್ರಕಾರ ಇದು ಸಂಸಾರದಲ್ಲಿ ಇರುವವರಿಗೆ ಹೇಳಿದ್ದು, ಸಂನ್ಯಾಸಿಗಳ ವಿಷಯ ಬೇರೆ. ಹೀಗೆ ಕೆಲಸ ಮಾಡುವುದರಿಂದ ಚಿತ್ತಶುದ್ಧಿ, ಅದರಿಂದ ಜ್ಞಾನದ ದಾರಿ. ಕೈ ನಿಲ್ಲಿಸಬೇಡಿ, ಲೆಕ್ಕ ನಿಲ್ಲಿಸಿ."

ನಿಮ್ಮದಕ್ಕಿಂತ ಉದ್ದ ಆಗಿದೆ, ಗೊತ್ತು. ವಾಟ್ಸಾಪಿನಲ್ಲಿ ಇಷ್ಟು ಓದುತ್ತಾರಾ ಎಂದು ಕೇಳಬಹುದು. ಇನ್ನೂ ಚಿಕ್ಕದು ಬೇಕೇ ಬೇಕು ಎಂದರೆ ಜನಕನ ಎರಡು ವಾಕ್ಯಗಳನ್ನು ಒಟ್ಟಿಗೆ ತೆಗೆಯಿರಿ, ಒಂದನ್ನು ಉಳಿಸಿ ಒಂದನ್ನು ತೆಗೆಯಬೇಡಿ. ಬರೀ ಎರಡೇ ಸಾಲಿನದು ಬೇಕು ಎಂದರೆ ಮೊದಲ ಪ್ರಶ್ನೆ ಮತ್ತು ಕೊನೆಯ ಉತ್ತರ ಸಾಕು. ಜೊತೆಗೆ ಸಂಸಾರಿಗಳಿಗೆ ಹೇಳಿದ್ದು ಎಂಬ ಮಾತು ಇರಲಿ.

ಬರೆದಾದ ಮೇಲೆ ಪರೀಕ್ಷೆ ಮಾಡಲು ನಾನು ಎರಡು ಉಪಾಯ ಬಳಸುತ್ತೇನೆ. ಒಂದು, ಪ್ರತಿ ವಾಕ್ಯದ ಎದುರಿಗೆ ಅದು ಯಾವ ನಿಮಿಷದ್ದು ಎಂದು ಬರೆಯುವುದು. ನಿಮಿಷ ಸಿಗದ ವಾಕ್ಯ ನನ್ನದು, ಅದನ್ನು ಹೊಡೆದು ಹಾಕುತ್ತೇನೆ. ಸಿಕ್ಕ ನಿಮಿಷದ ಗುರುತು ಪೂ ಆಗಿದ್ದರೆ ಹೆಸರು ಹಚ್ಚಿದೆಯಾ ಎಂದು ನೋಡುತ್ತೇನೆ. ನಿಮ್ಮ ಹಳೆಯ ಸಾರ ಈ ಪರೀಕ್ಷೆಯ ಮೊದಲ ಭಾಗದಲ್ಲಿ ಪೂರಾ ಪಾಸು, ಎರಡನೇ ಭಾಗದಲ್ಲಿ ನಪಾಸು. ಪ್ರವಚನಕಾರರು ಫೋನಿನಲ್ಲಿ ಹೇಳಿದ್ದೂ ಅದನ್ನೇ. ಎರಡು, ಪ್ರವಚನಕ್ಕೆ ಬಾರದ ಒಬ್ಬರಿಗೆ ಓದಿಸಿ, "ಇದರ ಪ್ರಕಾರ ನಾಳೆ ಬೆಳಗ್ಗೆ ಏನು ಮಾಡುತ್ತೀರಿ?" ಎಂದು ಕೇಳುವುದು. ಅರ್ಥವಾಯಿತಾ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಏನು ಮಾಡುತ್ತೀರಿ ಎಂದರೆ ಬಣ್ಣ ಬಯಲಾಗುತ್ತದೆ. ಪ್ರವಚನ ಕೇಳಿದವರಿಗೂ ಇದೇ ಪ್ರಶ್ನೆ ಹಾಕಿ. ಇಬ್ಬರ ಉತ್ತರ ಬೇರೆ ಬೇರೆ ದಿಕ್ಕಿಗೆ ಹೋದರೆ ಸಾರ ಕೆಟ್ಟಿದೆ ಎಂದೇ ಅರ್ಥ.

ಈ ಕ್ರಮ ಎಲ್ಲಕ್ಕೂ ನಡೆಯುವುದಿಲ್ಲ. ಹರಿಕಥೆ, ಪುರಾಣ ಶ್ರವಣ ಇಂಥವುಗಳಲ್ಲಿ ಕಥೆಯೇ ಮುಖ್ಯ, ಅಲ್ಲಿ ಪೂರ್ವಪಕ್ಷ ಸಿದ್ಧಾಂತ ಹುಡುಕುತ್ತಾ ಕೂತರೆ ರಸ ಹೋಗಿ ಸಿಪ್ಪೆ ಉಳಿಯುತ್ತದೆ. ಅದಕ್ಕೆ ಕಥೆಯನ್ನೇ ಚಿಕ್ಕದಾಗಿ ಹೇಳಿ ಬಿಡಬೇಕು, ನೀತಿ ಹಚ್ಚಬಾರದು. ಎರಡು ಕೇಂದ್ರ ಇರುವ ಪ್ರವಚನಗಳೂ ಇವೆ. ಶುರು ಒಂದು ಕಡೆ, ಮುಕ್ತಾಯ ಇನ್ನೊಂದು ಕಡೆ. ಅಂಥಲ್ಲಿ ಎರಡನ್ನೂ ಬರೆಯುವುದೇ ಪ್ರಾಮಾಣಿಕತೆ, ಜೋಡಿಸಲು ಹೋಗಬಾರದು.

ಬಾಯಿತಪ್ಪಿನ ಬಗ್ಗೆ ಒಂದು ಮಾತು. ಮಾತಿನ ಭರದಲ್ಲಿ ಅಧ್ಯಾಯದ ಸಂಖ್ಯೆ ಹೆಚ್ಚು ಕಡಿಮೆ ಆಗುವುದು ಸಹಜ. 35ನೇ ನಿಮಿಷದಲ್ಲಿ ಜನಕನ ಶ್ಲೋಕವನ್ನು ಅವರು 4ನೇ ಅಧ್ಯಾಯ ಎಂದಿದ್ದಾರೆ, ಅದು 3ನೆಯದು. ಇಂಥದ್ದನ್ನು ಅವರಿಗೆ ಒಂದು ಮಾತು ತಿಳಿಸಿ ಸರಿಮಾಡಿ. ಅಭಿಪ್ರಾಯ ಸರಿಯಿಲ್ಲ ಎನಿಸಿದರೆ ಅದನ್ನು ಮುಟ್ಟುವ ಹಕ್ಕು ನಮಗಿಲ್ಲ.

ಇನ್ನು ಮುಂದೆ ಗುಂಪಿಗೆ ಹಾಕುವ ಮೊದಲು ಅವರಿಗೇ ಕಳಿಸಿ ನೋಡಿಸಿ. ಆಗ ಒಂದು ಹೊಸ ತೊಂದರೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಓದುವಾಗ ಅವರಿಗೆ ಆ ದಿನ ಹೇಳದೆ ಬಿಟ್ಟದ್ದು ನೆನಪಾಗಿ, "ಇದನ್ನೂ ಸೇರ್ಸು ತಂಗಿ" ಎನ್ನುತ್ತಾರೆ. ಬೇಡ ಎನ್ನಲು ಬರುವುದಿಲ್ಲ. ಸಾರದೊಳಗೆ ಬೆರೆಸಿದರೆ ಪ್ರವಚನ ಕೇಳಿ ಹೋದವರು "ಇದನ್ನು ಯಾವಾಗ ಹೇಳಿದರು?" ಎಂದು ನಿಮ್ಮನ್ನೇ ಕೇಳುತ್ತಾರೆ. ಅದಕ್ಕೆ ಕೆಳಗೊಂದು ಗೆರೆ ಎಳೆದು, "ಪ್ರವಚನದ ನಂತರ ತಿಳಿಸಿದ್ದು" ಎಂದು ಬೇರೆಯಾಗಿ ಹಾಕಿ.